ಶುಕ್ರನನ್ನು ಚಂದ್ರನೆಂದು ನಂಬದಿರಿ: ರಂಜಾನ್ ಹಿಲಾಲ್ ನೋಡುವ ಬಗೆ

2025ರ ಫೆಬ್ರುವರಿ 28, ಶುಕ್ರವಾರ. ವರ್ಲಿ ಸಮುದ್ರ ದಂಡೆಯಲ್ಲಿ ನನ್ನ ಪಕ್ಕ ನಿಂತಿದ್ದ ಯುವಕನೊಬ್ಬ ಬೈನಾಕ್ಯುಲರ್ ಇಳಿಸದೆಯೇ, "ಕಂಡಿತು, ಕಂಡಿತು! ಎಳೆಯಷ್ಟೇ ಇದೆ, ಆದರೆ ಸ್ಪಷ್ಟವಾಗಿದೆ" ಎಂದು ಕೂಗಿದ. ಸುತ್ತಲಿನವರೆಲ್ಲ ಮೊಬೈಲ್ ಎತ್ತಿದರು. ನಾವೆಲ್ಲ ಕಾಯುತ್ತಿದ್ದುದು ರಂಜಾನ್ ತಿಂಗಳನ್ನು ಶುರುಮಾಡುವ ಎಳೆ ಚಂದ್ರನಿಗೆ, ಅಂದರೆ ಹಿಲಾಲ್‌ಗೆ. ಅವನು ನೋಡುತ್ತಿದ್ದುದು ಚಂದ್ರನನ್ನಲ್ಲ, ಶುಕ್ರನನ್ನು. ಪ್ರತಿವರ್ಷ ಇಂಥ ಒಂದು ಎಡವಟ್ಟನ್ನು ಕಾಣುವುದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಾರೀಕು. ಹಿಜ್ರಿ ತಿಂಗಳಿಗೆ 29 ಅಥವಾ 30 ದಿನ. ರಂಜಾನಿಗೆ ಹಿಂದಿನದಾದ ಶಾಬಾನ್ ತಿಂಗಳ 29ರ ಸಂಜೆ ಚಂದ್ರ ಕಂಡರೆ ಮರುದಿನ ರಂಜಾನ್ ಒಂದು; ಕಾಣದಿದ್ದರೆ ಶಾಬಾನ್ 30 ತುಂಬಿಸಿ ಅದರ ಮರುದಿನ ಉಪವಾಸ. ಅಷ್ಟೆ.

ಎರಡನೆಯದು, ಚಂದ್ರನ ವಯಸ್ಸು. ಇದಕ್ಕೆ ಹಿಜ್ರಿ ಆ್ಯಪ್‌ಗಳನ್ನು ನಂಬಬೇಡಿ. ಹೆಚ್ಚಿನವು ಲೆಕ್ಕದ ಕ್ಯಾಲೆಂಡರ್ ತೋರಿಸಿ, ಬೇಕಾದರೆ ಒಂದು ದಿನ ಹಿಂದೆ ಮುಂದೆ ಮಾಡಿಕೊಳ್ಳಿ ಎಂದು ಕೈತೊಳೆದುಕೊಳ್ಳುತ್ತವೆ. ಅದಕ್ಕಿಂತ ನೆರೆಮನೆಯವರ ಪಂಚಾಂಗ ಇಸಿದುಕೊಳ್ಳಿ. ಅಮಾವಾಸ್ಯೆ ಮುಗಿಯುವ ಗಳಿಗೆಯೇ ಸೂರ್ಯ ಚಂದ್ರರು ಒಂದೇ ರೇಖಾಂಶಕ್ಕೆ ಬರುವ ಗಳಿಗೆ. ಚಂದ್ರನ ವಯಸ್ಸು ಅಲ್ಲಿಂದ ಶುರು. ಆ ಸಲ ಅಮಾವಾಸ್ಯೆ ಮುಗಿದದ್ದು 28ರ ಬೆಳಿಗ್ಗೆ 6.15ರ ಹೊತ್ತಿಗೆ. ಮುಂಬಯಿಯಲ್ಲಿ ಸೂರ್ಯ ಮುಳುಗಿದ್ದು ಸಂಜೆ 6.45ರ ಸುಮಾರಿಗೆ. ಅಂದರೆ ಚಂದ್ರನಿಗೆ ಹನ್ನೆರಡೂವರೆ ಗಂಟೆ ವಯಸ್ಸು. ಬರಿಗಣ್ಣಿಗೆ ಕಂಡ ಅತ್ಯಂತ ಎಳೆಯ ಚಂದ್ರನೆಂದು ದಾಖಲಾಗಿರುವುದಕ್ಕೂ ಹದಿನೈದೂವರೆ ಗಂಟೆ ವಯಸ್ಸಾಗಿತ್ತು. ಅದು ಅಮೆರಿಕದ ವೀಕ್ಷಕನೊಬ್ಬ 1990ರಲ್ಲಿ ಕಂಡದ್ದು. ನಮ್ಮ ಕಡೆ ಯುಗಾದಿಯ ಮರುದಿನ ಮಕ್ಕಳಿಗೂ ಕಾಣುವ ಬಿದಿಗೆ ಚಂದ್ರ ಸಾಮಾನ್ಯವಾಗಿ ಒಂದು ದಿನ ದಾಟಿದ್ದು, ಅದನ್ನು ನೋಡುವುದು ಕಷ್ಟವಲ್ಲ. ಹನ್ನೆರಡು ಗಂಟೆಯದ್ದು ಬೇರೆಯೇ ಮಾತು: ಸೂರ್ಯನಿಂದ ಸುಮಾರು ಏಳು ಡಿಗ್ರಿಯಾದರೂ ದೂರ ಸರಿಯುವವರೆಗೆ ಬೆಳಗಿದ ಅಂಚು ತುಂಡುತುಂಡಾಗಿ, ಎಷ್ಟೇ ತಿಳಿ ಆಕಾಶದಲ್ಲೂ ಕಣ್ಣಿಗೆ ಸಿಗದಷ್ಟು ತೆಳುವಾಗಿರುತ್ತದೆ.

ಇನ್ನು ಜಾಗ. ಗಿರಗಾಂವ್ ಚೌಪಾಟಿಗೆ ಹೋಗುವವರಿಗೆ ನಾನು ಪ್ರತಿಸಲ ಹೇಳುತ್ತೇನೆ, ಪಶ್ಚಿಮಕ್ಕೆ ಮಲಬಾರ್ ಹಿಲ್ ಗೋಡೆಯಂತೆ ನಿಂತಿದೆ, ಅಲ್ಲಿ ಭೇಲ್ ತಿಂದು ಬರಬಹುದು, ಚಂದ್ರ ಸಿಗುವುದಿಲ್ಲ ಎಂದು. ವರ್ಲಿ, ಜುಹೂ ಅಥವಾ ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡ್ ಹಿಡಿಯಿರಿ, ನೀರೇ ದಿಗಂತವಾಗಿರಬೇಕು.

ಎಡವುವುದು ಇದರ ಮುಂದಿನ ಇಪ್ಪತ್ತು ನಿಮಿಷಗಳಲ್ಲಿ. ಸೂರ್ಯ ಪೂರ್ತಿ ಮುಳುಗುವವರೆಗೆ ಬೈನಾಕ್ಯುಲರ್ ಎತ್ತಬೇಡಿ, ಕಣ್ಣು ಹೋಗುತ್ತದೆ. ಮುಳುಗಿದ ಜಾಗವನ್ನು ಯಾವುದಾದರೂ ದೋಣಿಯನ್ನೋ ಕಂಬವನ್ನೋ ಗುರುತಿಟ್ಟು ನೆನಪಿಡಿ, ಏಕೆಂದರೆ ಐದು ನಿಮಿಷ ಕಳೆದರೆ ಇಡೀ ಪಶ್ಚಿಮ ಒಂದೇ ಬಣ್ಣಕ್ಕೆ ತಿರುಗುತ್ತದೆ. ಕೂಡಲೇ ಹುಡುಕಿದರೆ ಬೆಳಕು ಜಾಸ್ತಿ, ತಡವಾದರೆ ಚಂದ್ರ ಮಬ್ಬಿಗೆ ಇಳಿದಿರುತ್ತದೆ. ಸೂರ್ಯಾಸ್ತದಿಂದ ಚಂದ್ರಾಸ್ತದವರೆಗಿನ ಸಮಯವನ್ನು ಒಂಬತ್ತು ಪಾಲು ಮಾಡಿದರೆ ನಾಲ್ಕನೆಯ ಪಾಲು ಮುಗಿಯುವ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ಆ ದಿನ ಚಂದ್ರ ಸೂರ್ಯನ ಹಿಂದೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಳುಗುವುದಿತ್ತು, ಹಾಗಾಗಿ ನಾನು ಹತ್ತನೇ ನಿಮಿಷದಿಂದ ಹದಿನೈದನೇ ನಿಮಿಷದವರೆಗೆ ಕಣ್ಣು ಕೀಳಲಿಲ್ಲ. ಫುಟ್‌ಪಾತಿನಲ್ಲಿ ಮಾರುವ, ಕೆಂಪು ಗಾಜಿನ ಪ್ಲಾಸ್ಟಿಕ್ ಬೈನಾಕ್ಯುಲರ್ ಬೇಡವೇ ಬೇಡ. ಅದಕ್ಕಿಂತ ಬರಿಗಣ್ಣು ಮೇಲು.

ಎತ್ತರಕ್ಕೆ ಅಳತೆ ನಿಮ್ಮ ಕೈಯಲ್ಲೇ ಇದೆ. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಹತ್ತು ಡಿಗ್ರಿ. ಅಂದಿನ ಚಂದ್ರ ಇರಬೇಕಾಗಿದ್ದುದು ನೀರಿನಿಂದ ಹೆಚ್ಚೆಂದರೆ ಅರ್ಧ ಮುಷ್ಟಿಯಷ್ಟು ಮೇಲೆ, ಸೂರ್ಯ ಮುಳುಗಿದ ಜಾಗದ ಹತ್ತಿರ. ಯುವಕ ಬೈನಾಕ್ಯುಲರ್ ಎತ್ತಿದ್ದುದು ಮೂರು ಮುಷ್ಟಿಯ ಎತ್ತರಕ್ಕೆ. ಅವನ ತಪ್ಪು ದೊಡ್ಡದಲ್ಲ: ಆ ವಾರಗಳಲ್ಲಿ ಶುಕ್ರ ಭೂಮಿಗೆ ಹತ್ತಿರ ಬರುತ್ತಿದ್ದು, ಬೈನಾಕ್ಯುಲರ್‌ನಲ್ಲಿ ನಿಜವಾಗಿಯೂ ಕುಡುಗೋಲಿನಂತೆ ಕಾಣುತ್ತಿತ್ತು. ಆದರೆ ಬೈನಾಕ್ಯುಲರ್ ಇಳಿಸಿದರೆ ಅದು ಥಳಥಳಿಸುವ ಚುಕ್ಕೆ. ಹಿಲಾಲ್ ಹೊಳೆಯುವುದಿಲ್ಲ, ಕತ್ತರಿಸಿದ ಉಗುರಿನ ತುಂಡಿನಂತೆ ಮಂಕಾಗಿ, ಉಬ್ಬಿದ ಬದಿಯನ್ನು ಮುಳುಗಿದ ಸೂರ್ಯನ ಕಡೆಗೆ ತಿರುಗಿಸಿ, ತುದಿಗಳನ್ನು ಮೇಲೆತ್ತಿ ಕುಳಿತಿರುತ್ತದೆ.

ಕಂಡವರು ಫೋಟೊ ಹಂಚುತ್ತಾ ಕೂರದೆ ಹಿಲಾಲ್ ಸಮಿತಿಗೆ ಅಥವಾ ಖಾಝಿಗೆ ತಿಳಿಸಬೇಕು. ಇಸ್ಲಾಮಿನ ನ್ಯಾಯಪಂಥಗಳಲ್ಲಿ ಇದಕ್ಕೆ ಬೇರೆಬೇರೆ ನಿಯಮ: ಹನಫಿಗಳಲ್ಲಿ ಆಕಾಶ ತಿಳಿಯಾಗಿದ್ದರೆ ಅನೇಕರು ಕಂಡಿರಬೇಕು, ಮೋಡವಿದ್ದರೆ ರಂಜಾನ್ ಆರಂಭಕ್ಕೆ ನಂಬಿಕಸ್ಥನೊಬ್ಬನ ಮಾತು ಸಾಕು. ಶಾಫಿಗಳಲ್ಲಿ ಒಬ್ಬನ ಸಾಕ್ಷಿ ಸಾಕು. ಅಂದು ಮುಂಬಯಿಯಲ್ಲಿ ಕಾಣಲಿಲ್ಲ. ಭಾರತದಲ್ಲಿ ಉಪವಾಸ ಶುರುವಾದದ್ದು ಮಾರ್ಚ್ 2ರ ಭಾನುವಾರ.

ಅದೇ ರಾತ್ರಿ ಉಳ್ಳಾಲದಿಂದ ಉಮ್ಮ ಫೋನ್ ಮಾಡಿ, "ಸೌದಿಯಲ್ಲಿ ನಾಳೆಯಂತೆ, ಮಗ. ಅವರ ಚಂದ್ರ ಬೇರೆಯೇನು?" ಎಂದು ಕೇಳಿದರು. ಚಂದ್ರ ಒಂದೇ, ಸಂಜೆ ಬೇರೆ. ಮೆಕ್ಕಾದಲ್ಲಿ ಸೂರ್ಯ ಮುಳುಗುವುದು ಮುಂಬಯಿಗಿಂತ ಎರಡು ಗಂಟೆಗೂ ಮಿಕ್ಕಿ ತಡವಾಗಿ. ಅಷ್ಟು ಹೊತ್ತಿನಲ್ಲಿ ಚಂದ್ರ ಸೂರ್ಯನಿಂದ ಇನ್ನೊಂದು ಡಿಗ್ರಿಯಷ್ಟು ದೂರ ಸರಿದಿರುತ್ತದೆ. ಪಶ್ಚಿಮಕ್ಕೆ ಹೋದಷ್ಟೂ ಚಂದ್ರ ದೊಡ್ಡವನಾಗುತ್ತಾನೆ. ಆದರೂ ಮೆಕ್ಕಾದಲ್ಲಿ ವಯಸ್ಸು 14 ಗಂಟೆ 40 ನಿಮಿಷ. ನಾನು ಹೇಳಿದ ದಾಖಲೆಗಿಂತ ಕಡಿಮೆ. ಖಗೋಳ ಹವ್ಯಾಸಿಗಳು ಹುಬ್ಬೇರಿಸುವುದು ಇಲ್ಲಿಯೇ. ಆದರೆ ಅಲ್ಲಿ ತೀರ್ಮಾನ ಸುಪ್ರೀಂ ಕೋರ್ಟಿನದು, ಅದು ಸಾಕ್ಷಿಗಳ ಮಾತನ್ನು ಒಪ್ಪಿಕೊಂಡಿತು. ತುರ್ಕಿ ಯಾರನ್ನೂ ಕಡಲ ದಂಡೆಗೆ ಕಳಿಸುವುದಿಲ್ಲ; ಮೊದಲೇ ಲೆಕ್ಕ ಹಾಕಿದ ಕ್ಯಾಲೆಂಡರಿನಂತೆ ಶನಿವಾರವೇ ಉಪವಾಸ ಹಿಡಿಯಿತು.

ನನಗೆ ಇದಕ್ಕಿಂತ ಕುತೂಹಲದ್ದು ಇಂಡೊನೇಷ್ಯ ಮತ್ತು ಮಲೇಷ್ಯದ ಪ್ರಸಂಗ. ಇಬ್ಬರದೂ ಒಂದೇ ಲಿಖಿತ ನಿಯಮ: ಸೂರ್ಯಾಸ್ತದ ಹೊತ್ತಿಗೆ ಚಂದ್ರ ದಿಗಂತದಿಂದ 3 ಡಿಗ್ರಿ ಎತ್ತರದಲ್ಲಿ, ಸೂರ್ಯನಿಂದ 6.4 ಡಿಗ್ರಿ ದೂರದಲ್ಲಿ ಇರಬೇಕು. ಆ ಸಂಜೆ ಈ ಗೆರೆ ದಾಟಿದ್ದು ಸುಮಾತ್ರಾದ ಪಶ್ಚಿಮ ತುದಿಯಲ್ಲಿರುವ ‘ಅಚೆ’ ಎಂಬ ಪ್ರಾಂತ್ಯದಲ್ಲಿ ಮಾತ್ರ. ಇಂಡೊನೇಷ್ಯ ಆ ಒಂದು ಮೂಲೆಯನ್ನು ಹಿಡಿದು ಇಡೀ ದೇಶಕ್ಕೆ ಶನಿವಾರ ಸಾರಿತು. ಅದಕ್ಕೆ ಪೂರ್ವದಲ್ಲಿರುವ ಮಲೇಷ್ಯ ಭಾನುವಾರಕ್ಕೆ ಕಾಯಿತು.

ಒಂದೂರಿನ ಚಂದ್ರ ಇನ್ನೊಂದೂರಿಗೆ ಸಲ್ಲುತ್ತದೆಯೇ ಎಂಬ ಪ್ರಶ್ನೆಯೂ ಹಳೆಯದು. ಸಿರಿಯಾದಿಂದ ಮದೀನಕ್ಕೆ ಬಂದ ಕುರೈಬ್, ಅಲ್ಲಿ ಶುಕ್ರವಾರ ರಾತ್ರಿಯೇ ಚಂದ್ರ ಕಂಡಿತ್ತು ಎಂದಾಗ, ಪ್ರವಾದಿಯವರ ಸಂಗಾತಿ ಇಬ್ನ್ ಅಬ್ಬಾಸ್ ತಾವು ಕಂಡದ್ದು ಶನಿವಾರ ರಾತ್ರಿ, ಅದನ್ನೇ ಎಣಿಸುತ್ತೇವೆ ಎಂದದ್ದು ಹದೀಸಿನಲ್ಲಿದೆ. ಶಾಫಿಗಳು ಇದನ್ನೇ ಹಿಡಿದು ಪ್ರತಿ ಸೀಮೆಗೂ ಅದರದೇ ದಿಗಂತ ಎನ್ನುತ್ತಾರೆ. ಹಳೆಯ ಹನಫಿ ಗ್ರಂಥಗಳ ಮುಖ್ಯ ಮತ ಒಂದು ಕಡೆ ಕಂಡರೆ ಎಲ್ಲರಿಗೂ ಸಾಕು ಎಂಬುದಾದರೂ, ಇಲ್ಲಿನ ಸಮಿತಿಗಳು ದೇಶದೊಳಗಿನ ಸಾಕ್ಷಿಯನ್ನೇ ಕಾಯುತ್ತವೆ.

ಇನ್ನೊಂದು ಸಂಗತಿ: ವ್ಯತ್ಯಾಸ ಕೆಲವೊಮ್ಮೆ ಹಿಂದಿನ ತಿಂಗಳಿನಿಂದಲೇ ಹೊತ್ತು ಬಂದಿರುತ್ತದೆ. 2024ರ ಮಾರ್ಚ್ 10ರಂದು ಸೌದಿಯಲ್ಲಿ ಶಾಬಾನ್ 29, ನಮ್ಮಲ್ಲಿ 28. ಅಂದು ನಾವು ಆಕಾಶ ನೋಡುವ ಪ್ರಮೇಯವೇ ಇರಲಿಲ್ಲ.

ಇವೆಲ್ಲವನ್ನೂ ಉಮ್ಮನಿಗೆ ಹೇಳಿ ಮುಗಿಸುವಷ್ಟರಲ್ಲಿ, "ಹಾಗಾದರೆ ನಾಳೆ ಸಹರಿಗೆ ಏಳುವುದು ಬೇಡ, ಸರಿ" ಎಂದು ಫೋನ್ ಇಟ್ಟರು. ಶನಿವಾರ ಸಂಜೆ ವರ್ಲಿಯಲ್ಲಿ ಯಾರಿಗೂ ಬೈನಾಕ್ಯುಲರ್ ಬೇಕಾಗಲಿಲ್ಲ. ಮೂವತ್ತಾರು ಗಂಟೆ ದಾಟಿದ ಚಂದ್ರ ಶುಕ್ರನ ಕೆಳಗೇ ಇತ್ತು. ಹಿಂದಿನ ದಿನದ ಯುವಕ ಎರಡನ್ನೂ ಒಂದೇ ಫೋಟೊದಲ್ಲಿ ಹಿಡಿಯುತ್ತಿದ್ದ.