ಸಮಭಾರ ರೇಖೆ ನೋಡಿ ಕಾಸರಗೋಡಿನ ಗಾಳಿ, ಸೆಕೆ ಅಂದಾಜಿಸುವುದು ಹೇಗೆ?

ಆಟಿಯಲ್ಲಿ ಅಡಿಕೆಗೆ ಎರಡನೆಯ ಬಾರಿ ಮದ್ದು ಬಿಡಲು ಹೊರಟವರು ಮೊಬೈಲಿನಲ್ಲಿ ನೋಡುವುದು ಮಳೆಯ ಚಿತ್ರವೊಂದನ್ನೇ. ಮಳೆ ಬಿಟ್ಟರೂ ಗಾಳಿ ಬಿಡದಿದ್ದರೆ ಮೈಲುತುತ್ತು, ಸುಣ್ಣದ ದ್ರಾವಣ ಗೊನೆಗೆ ತಾಗದೆ ಪಕ್ಕದ ತೋಟದ ಪಾಲಾಗುತ್ತದೆ. ಗಾಳಿಯ ಸುಳಿವು ಬೇಕಾದರೆ ಭಾರತ ಹವಾಮಾನ ಇಲಾಖೆಯ ಜಾಲತಾಣದಲ್ಲಿ ಸಿಗುವ ದಿನದ ಮೇಲ್ಮೈ ನಕ್ಷೆಯನ್ನು ತೆರೆಯಬೇಕು. ಅದರಲ್ಲಿ 1006, 1008, 1010 ಎಂದು ಬರೆದ ಬಾಗು ಗೆರೆಗಳೇ ಸಮಭಾರ ರೇಖೆಗಳು. ಒಂದು ಗೆರೆಯ ಮೇಲಿನ ಎಲ್ಲ ಊರುಗಳಲ್ಲೂ, ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದರೆ, ಗಾಳಿಯ ಒತ್ತಡ ಅಷ್ಟೇ ಹೆಕ್ಟೋಪಾಸ್ಕಲ್.

ಮೊದಲು ನೋಡಬೇಕಾದದ್ದು ಗೆರೆಯನ್ನಲ್ಲ, ಮೂಲೆಯಲ್ಲಿ ಬರೆದ ಗಂಟೆಯನ್ನು. 03 UTC ಎಂದಿದ್ದರೆ ಅದು ನಮ್ಮ ಬೆಳಿಗ್ಗೆ 8.30. ನಮ್ಮ ಅಕ್ಷಾಂಶದಲ್ಲಿ ಒತ್ತಡ ದಿನವೂ ತಾನಾಗಿಯೇ ಏರಿಳಿಯುತ್ತದೆ: ಬೆಳಿಗ್ಗೆ ಹತ್ತರ ಹೊತ್ತಿಗೆ ಏರಿ, ಸಂಜೆ ನಾಲ್ಕರ ಹೊತ್ತಿಗೆ ಎರಡು ಮೂರು ಹೆಕ್ಟೋಪಾಸ್ಕಲಿನಷ್ಟು ಇಳಿಯುತ್ತದೆ. ಬೆಳಗಿನ ನಕ್ಷೆಯ ಪಕ್ಕದಲ್ಲಿ ಸಂಜೆಯ ನಕ್ಷೆ ಇಟ್ಟು "ಒತ್ತಡ ಕುಸಿಯಿತು, ಚಂಡಮಾರುತ ಬಂತು" ಎನ್ನುವವರು ಪ್ರತಿ ವರ್ಷ ಸಿಗುತ್ತಾರೆ. ಇಂದಿನ 8.30ಕ್ಕೆ ನಿನ್ನೆಯ 8.30 ಮಾತ್ರ ಜೋಡಿ.

ಈಗ ದಿಕ್ಕು. ಗಾಳಿ ಹೆಚ್ಚು ಒತ್ತಡದಿಂದ ಕಡಿಮೆ ಒತ್ತಡಕ್ಕೆ ನೇರವಾಗಿ ಓಡುವುದಿಲ್ಲ. ಭೂಮಿ ತಿರುಗುವುದರಿಂದ ಅದು ಬಲಕ್ಕೆ ವಾಲಿ, ಹೆಚ್ಚುಕಡಿಮೆ ಗೆರೆಯ ಗುಂಟವೇ ಸಾಗುತ್ತದೆ. ಉತ್ತರ ಗೋಳಾರ್ಧದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡ ಎಡಗೈ ಕಡೆಗಿರುತ್ತದೆ. ಡಚ್ ವಿಜ್ಞಾನಿ ಬೈಸ್ ಬ್ಯಾಲಟ್ 1857ರಲ್ಲಿ ಹೇಳಿದ ನಿಯಮವಿದು. ಇದಕ್ಕೆ ಒಂದೇ ತಿದ್ದುಪಡಿ: ನೆಲದ ಉಜ್ಜಾಟದಿಂದ ಗಾಳಿ ಗೆರೆಯನ್ನು ಓರೆಯಾಗಿ ದಾಟಿ ಕಡಿಮೆ ಒತ್ತಡದ ಕಡೆಗೆ ಸರಿಯುತ್ತದೆ. ಸಮುದ್ರದ ಮೇಲೆ ಈ ಓರೆ ಹತ್ತಿಪ್ಪತ್ತು ಡಿಗ್ರಿ, ನೆಲದ ಮೇಲೆ ಮೂವತ್ತು ಅಥವಾ ಅದಕ್ಕೂ ಹೆಚ್ಚು.

ಜುಲೈ ತಿಂಗಳ ಒಂದು ನಕ್ಷೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. 1008ರ ಗೆರೆ ಅರಬ್ಬಿ ಸಮುದ್ರದಿಂದ ಓರೆಯಾಗಿ ಇಳಿದು ಕಾಸರಗೋಡು, ಕಣ್ಣೂರುಗಳ ನಡುವೆ ಕರಾವಳಿಯನ್ನು ಮುಟ್ಟುತ್ತದೆ. 1006ರ ಗೆರೆಯೂ ಹಾಗೆಯೇ ಇಳಿದು ರತ್ನಾಗಿರಿಯ ಬಳಿ ದಡ ಸೇರುತ್ತದೆ. ಕರಾವಳಿಯ ಗುಂಟ ಗೆರೆಗಳು ಹೀಗೆ ತೆಂಕಕ್ಕೆ ಜೋತುಬಿದ್ದರೆ, ಮಳೆಗಾಲದ ಪ್ರಕಟಣೆಗಳಲ್ಲಿ ಬರುವ "ಕರಾವಳಿಯಾಚೆಯ ಒತ್ತಡದ ತಗ್ಗು" ಅದೇ. ಗೆರೆ ವಾಯವ್ಯದಿಂದ ಆಗ್ನೇಯಕ್ಕೆ ಸಾಗಿದೆ, ಕಡಿಮೆ ಒತ್ತಡ ಈಶಾನ್ಯಕ್ಕಿದೆ. ಅದು ಎಡಗೈಗೆ ಬರಬೇಕಾದರೆ ಗಾಳಿ ವಾಯವ್ಯದಿಂದ ಬೀಸಬೇಕು. ಉಜ್ಜಾಟದ ಓರೆ ಸೇರಿಸಿದರೆ ಪಡುವಣದಿಂದ. ನೈರುತ್ಯ ಮುಂಗಾರು ಎಂಬ ಹೆಸರನ್ನು ನಂಬಿ ತೋಟದ ನೈರುತ್ಯಕ್ಕೆ ಮಾತ್ರ ಗಾಳಿಮರ ನೆಟ್ಟವರು ಇದನ್ನು ಗಮನಿಸಬೇಕು: ಮಂಜೇಶ್ವರದಿಂದ ನೀಲೇಶ್ವರದವರೆಗಿನ ದಡಕ್ಕೆ ಮಳೆಗಾಲದ ಗಾಳಿ ಬಹಳ ದಿನ ಬರುವುದು ಪಡುವಣದಿಂದ, ಇಲ್ಲವೇ ವಾಯವ್ಯದಿಂದ.

ಇನ್ನು ವೇಗ. ಎರಡು ಗೆರೆಗಳ ನಡುವಿನ ಅಂತರವನ್ನು ದಡದ ಗುಂಟ ಅಳೆಯಬಾರದು, ಗೆರೆಗೆ ಅಡ್ಡವಾಗಿ, ನೇರ ಲಂಬವಾಗಿ ಅಳೆಯಬೇಕು. ನಕ್ಷೆಯ ಅಳತೆಪಟ್ಟಿ ಕಾಣದಿದ್ದರೆ ಒಂದು ಡಿಗ್ರಿ ಅಕ್ಷಾಂಶಕ್ಕೆ 111 ಕಿಲೋಮೀಟರ್ ಎಂದು ಹಿಡಿಯಿರಿ. ನಮ್ಮ ಉದಾಹರಣೆಯಲ್ಲಿ ಅಂತರ ಸುಮಾರು 400 ಕಿಲೋಮೀಟರ್. ಕಾಸರಗೋಡಿನ ಅಕ್ಷಾಂಶಕ್ಕೆ ಲೆಕ್ಕ ಹಾಕಿದರೆ ಉಜ್ಜಾಟವಿಲ್ಲದ ಎತ್ತರದಲ್ಲಿ 25 ನಾಟ್ ಆಸುಪಾಸು ಬರುತ್ತದೆ. ಸಮುದ್ರದ ಮೇಲ್ಮೈಯಲ್ಲಿ ಅದರ ಮೂರನೆಯ ಎರಡು ಪಾಲು, ಅಂದರೆ ಹದಿನಾರು ನಾಟ್, ಗಂಟೆಗೆ 30 ಕಿಲೋಮೀಟರ್. ಬದಿಯಡ್ಕದಂಥ ಒಳನಾಡಿನಲ್ಲಿ ಅದೂ ಅರ್ಧಕ್ಕೆ ಇಳಿಯುತ್ತದೆ. ಅಂತರ ಅರ್ಧವಾದರೆ ಗಾಳಿ ಇಮ್ಮಡಿ. ಗೆರೆಗಳು 200 ಕಿಲೋಮೀಟರಿಗೆ ಒತ್ತಿಕೊಂಡ ದಿನ ಸಮುದ್ರದಲ್ಲಿ ಗಂಟೆಗೆ 55 ಕಿಲೋಮೀಟರನ್ನು ದಾಟಬಹುದು. ಆ ದಿನ ನಾಡದೋಣಿಯೂ ಬೇಡ, ದೋಟಿಯೂ ಬೇಡ.

ಪಠ್ಯಪುಸ್ತಕಗಳು "ಗೆರೆ ಒತ್ತಾದರೆ ಗಾಳಿ ಜೋರು" ಎಂದಷ್ಟೇ ಹೇಳಿ ಬಿಡುತ್ತವೆ. ಎಷ್ಟು ಒತ್ತು ಎಂಬುದಕ್ಕೆ ಅಕ್ಷಾಂಶವೂ ಬೇಕು. ಅದೇ 400 ಕಿಲೋಮೀಟರ್ ಅಂತರ ದೆಹಲಿಯಲ್ಲಿ ಕೊಡುವ ಗಾಳಿ ಇಲ್ಲಿನದರ ಅರ್ಧಕ್ಕಿಂತ ಕಡಿಮೆ. ಹಾಗಾಗಿ ನಮ್ಮ ಕಡೆ ಗೆರೆಗಳು ವಿರಳವಾಗಿ ಕಂಡರೆ ಗಾಳಿ ಇಲ್ಲ ಎಂದು ತೀರ್ಮಾನಿಸಬಾರದು. ಲೆಕ್ಕ ಸರಿಯಾಯಿತೇ ಎಂದು ನೋಡಲು ನಕ್ಷೆಯಲ್ಲೇ ಉತ್ತರವಿದೆ: ಕೇಂದ್ರಗಳ ವೃತ್ತದಿಂದ ಹೊರಟ ಕಡ್ಡಿ ಗಾಳಿ ಬರುವ ದಿಕ್ಕನ್ನು ತೋರಿಸುತ್ತದೆ, ಕಡ್ಡಿಯ ತುದಿಯ ಉದ್ದ ಗರಿ ಹತ್ತು ನಾಟ್, ಗಿಡ್ಡ ಗರಿ ಐದು. ಮಂಗಳೂರಿನ ಕಡ್ಡಿ ನಿಮ್ಮ ಅಂದಾಜಿಗೆ ಪೂರ್ತಿ ವಿರುದ್ಧವಾಗಿದ್ದರೆ ಅಲ್ಲಿ ಆ ಹೊತ್ತಿಗೆ ಗೆರೆಗಿಂತ ಸ್ಥಳೀಯ ಗಾಳಿಯದೇ ಮೇಲುಗೈ.

ಉಷ್ಣಾಂಶಕ್ಕೆ ಬೇರೆ ನಕ್ಷೆ, ಸಮೋಷ್ಣ ರೇಖೆಗಳದು. ಶಾಲೆಯ ಅಟ್ಲಾಸಿನಲ್ಲಿ ಈ ಗೆರೆಗಳನ್ನು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಇಳಿಸಿ ಎಳೆದಿರುತ್ತಾರೆ. ದಿನದ ಗರಿಷ್ಠ ಉಷ್ಣಾಂಶದ ನಕ್ಷೆಯಲ್ಲಿರುವುದು ಆಯಾ ಊರಿನಲ್ಲಿ ಅಳೆದದ್ದೇ. ಹಾಗಾಗಿ ಅದರಲ್ಲಿ ಘಟ್ಟದ ಬುಡದಲ್ಲಿ ಗೆರೆಗಳು ಒತ್ತಾಗಿ, ಮಡಿಕೇರಿ ತಂಪು ದ್ವೀಪವಾಗಿ ಕಾಣುತ್ತದೆ.

ಗಾಳಿ ತಂಪು ಗೆರೆಯ ಕಡೆಯಿಂದ ಬಂದರೆ ನಮ್ಮ ಊರು ತಂಪಾಗುತ್ತದೆ, ಬಿಸಿ ಗೆರೆಯ ಕಡೆಯಿಂದ ಬಂದರೆ ಬಿಸಿಯಾಗುತ್ತದೆ ಎಂಬುದು ಸಾಮಾನ್ಯ ಸೂತ್ರ. ಬಯಲುಸೀಮೆಗೆ ಇದು ಸಾಕು, ಕಾಸರಗೋಡಿಗೆ ಸಾಲದು. ಮಾರ್ಚ್ ತಿಂಗಳ ನಕ್ಷೆಯೊಂದರಲ್ಲಿ 1014ರ ಗೆರೆ ಬೆಳಗಾವಿಯ ಬಡಗಿಗೆ, 1012 ನಮ್ಮ ತೆಂಕಿಗೆ ಇದೆ ಎನ್ನಿ. ಕಡಿಮೆ ಒತ್ತಡ ತೆಂಕಣಕ್ಕೆ, ಅಂದರೆ ಗಾಳಿ ಮೂಡಣದಿಂದ. ಮೂಡಣದಲ್ಲಿರುವುದು ತಂಪಾದ ಕೊಡಗು. ಸೂತ್ರದಂತೆ ಕರಾವಳಿ ತಂಪಾಗಬೇಕಿತ್ತು, ಆಗುವುದು ತದ್ವಿರುದ್ಧ. ಒಣಗಾಳಿ ಕೆಳಗಿಳಿಯುವಾಗ ಒತ್ತಡಕ್ಕೆ ಸಿಕ್ಕಿ ಪ್ರತಿ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿ ಬಿಸಿಯಾಗುತ್ತದೆ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ 25 ಡಿಗ್ರಿ ಇದ್ದ ಗಾಳಿ ದಡ ಮುಟ್ಟುವಾಗ 36ಕ್ಕೆ ಬಂದಿರುತ್ತದೆ.

ಅದೇ ಮೂಡುಗಾಳಿ ಸಮುದ್ರದ ಗಾಳಿಯನ್ನೂ ತಡೆದು ನಿಲ್ಲಿಸುತ್ತದೆ. ಗೆರೆಗಳು ವಿರಳವಿದ್ದ ದಿನ ಕಡಲಗಾಳಿ ಮಧ್ಯಾಹ್ನಕ್ಕೆ ಮೊದಲೇ ದಡ ಹತ್ತಿ ಸೆಕೆಯನ್ನು ಇಳಿಸುತ್ತದೆ. ಗೆರೆಗಳು ಒತ್ತಾಗಿದ್ದ ದಿನ ಊಟದ ಹೊತ್ತು ಮೀರಿದರೂ ಬರುವುದಿಲ್ಲ. ಫೆಬ್ರವರಿ, ಮಾರ್ಚ್‌ಗಳಲ್ಲಿ ಬೆಳಗಿನ ನಕ್ಷೆಯಲ್ಲಿ ಮೂಡುಗಾಳಿಯ ಲಕ್ಷಣವಿದ್ದು, ಹನ್ನೊಂದು ಗಂಟೆಯಾದರೂ ದಡದ ತೆಂಗಿನ ಗರಿಗಳು ಕಡಲಿನ ಕಡೆಗೇ ವಾಲಿದ್ದರೆ ಅಂದಿನ ಸೆಕೆ ವಾಡಿಕೆಗಿಂತ ಹೆಚ್ಚು ಎಂದು ಧೈರ್ಯವಾಗಿ ಹೇಳಬಹುದು. ಎಳೆಯ ಅಡಿಕೆ ಸಸಿಗಳಿಗೆ ನೀರು ಕೊಡುವುದಿದ್ದರೆ ಅದಕ್ಕೆ ಮೊದಲೇ ಮುಗಿಸಿಕೊಳ್ಳಿ. ಮರುದಿನದ ನಕ್ಷೆಯಲ್ಲಿ ನಮ್ಮ ಮೇಲೆ 36ರ ಗೆರೆ ಕಂಡರೆ ಅದು ಅಂದಿನ ತುತ್ತತುದಿ ಮಾತ್ರ. ಕಡಲಗಾಳಿ ಬರುವ ಮುನ್ನ ಆ ಉಷ್ಣಾಂಶ ಅರ್ಧ ಗಂಟೆ ನಿಂತಿತ್ತೋ ಮೂರು ಗಂಟೆಯೋ ಎಂಬುದು ಆ ಗೆರೆಯಿಂದ ತಿಳಿಯುವುದಿಲ್ಲ, ಅದಕ್ಕೆ ಗಂಟೆಗಂಟೆಯ ದಾಖಲೆಯನ್ನೇ ನೋಡಬೇಕು.