ಪ್ರೊಫೈಲ್ ಇಂಗ್ಲಿಷ್‌ನಲ್ಲಿ ಈ ‘ಸಿನ್ಸ್’ ಒಂದನ್ನು ಸರಿ ಮಾಡಿಕೊಳ್ಳಿ

ಕೆಲಸಕ್ಕೆ ಅಂತ ಪ್ರೊಫೈಲ್ ಬರೆಯುವವರು ಒಮ್ಮೆ ನೋಡಿ. ಮೊನ್ನೆ ನನ್ನ ತಮ್ಮ ಬರೆದಿದ್ದ ಮೊದಲ ಸಾಲು ಹೀಗಿತ್ತು: ‘ಐ ಆಮ್ ವರ್ಕಿಂಗ್ ಆಸ್ ಅಕೌಂಟೆಂಟ್ ಸಿನ್ಸ್ 5 ಇಯರ್ಸ್.’ ನಮ್ಮ ಕಿವಿಗೆ ಏನೂ ತಪ್ಪು ಅನಿಸುವುದಿಲ್ಲ, ಅಲ್ವಾ? ಯಾಕೆಂದರೆ ಕನ್ನಡದಲ್ಲಿ ‘2019ರಿಂದ’ ಅಂದರೂ ‘ಇಂದ’, ‘5 ವರ್ಷದಿಂದ’ ಅಂದರೂ ಅದೇ ‘ಇಂದ’. ಇಂಗ್ಲಿಷ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಪದ. ಶುರುವಾದ ವರ್ಷ ಅಥವಾ ತಿಂಗಳು ಹೇಳಿದರೆ ‘ಸಿನ್ಸ್ 2019’, ಎಷ್ಟು ಕಾಲ ಅಂತ ಎಣಿಸಿ ಹೇಳಿದರೆ ‘ಫಾರ್ 5 ಇಯರ್ಸ್’.

‘ಮಾಡ್ತಾ ಇದ್ದೀನಿ’ ಅನ್ನುವುದೂ ಹಾಗೇ ‘ಆಮ್ ವರ್ಕಿಂಗ್’ ಆಗಿಬಿಡುತ್ತದೆ. ಹಿಂದೆ ಶುರುವಾಗಿ ಇನ್ನೂ ನಡೆಯುತ್ತಿದ್ದರೆ ‘ಹ್ಯಾವ್ ಬೀನ್ ವರ್ಕಿಂಗ್’ ಬೇಕು. ಕೆಲಸದ ಹೆಸರಿಗೆ ಮುಂಚೆ ‘ಎ’ ಅಥವಾ ‘ಆ್ಯನ್’ ಕೂಡ ಬೇಕು, ಕನ್ನಡದಲ್ಲಿ ಅಂಥ ಪದ ಇಲ್ಲದ್ದಕ್ಕೆ ಅದು ಬಿಟ್ಟುಹೋಗುತ್ತದೆ. ಸರಿಯಾದ ಸಾಲು: ‘ಐ ಹ್ಯಾವ್ ಬೀನ್ ವರ್ಕಿಂಗ್ ಆಸ್ ಆ್ಯನ್ ಅಕೌಂಟೆಂಟ್ ಫಾರ್ 5 ಇಯರ್ಸ್.’

ಇಷ್ಟೆಲ್ಲಾ ನೆನಪಿಡೋದು ರಗಳೆ ಅನಿಸಿದರೆ ಕ್ರಿಯಾಪದವನ್ನೇ ಕಿತ್ತುಹಾಕಿ, ‘ಅಕೌಂಟೆಂಟ್ ವಿತ್ 5 ಇಯರ್ಸ್ ಆಫ್ ಎಕ್ಸ್‌ಪೀರಿಯೆನ್ಸ್’ ಅಂತ ಬರೆಯಿರಿ, ಪ್ರೊಫೈಲ್‌ನಲ್ಲಿ ಪೂರ್ತಿ ವಾಕ್ಯವೇ ಇರಬೇಕು ಅಂತೇನಿಲ್ಲ. ನನ್ನ ತಮ್ಮ ಕೊನೆಗೆ ಇದನ್ನೇ ಹಾಕಿದ. ಹಾಗೇ ‘ಮೈಸೆಲ್ಫ್ ಇಂಥವರು’ ಅಂತ ಶುರು ಮಾಡಿದ್ದರೆ ಅದನ್ನೂ ಅಳಿಸಿ, ಹೆಸರು ಮೇಲೇ ಇರುತ್ತದಲ್ಲ.