ಸಂಬಳದ ಚೌಕಾಸಿ: ಫೋನಿನಲ್ಲಿ ಯಾವುದು, ಮೇಲ್‌ನಲ್ಲಿ ಯಾವುದು

ಇಂಟರ್‌ವ್ಯೂ ಎಲ್ಲ ಮುಗಿದು "ಸೆಲೆಕ್ಟ್ ಆಗಿದೀರ" ಅಂತ ಎಚ್‌ಆರ್ ಫೋನ್ ಮಾಡಿದಾಗಿನಿಂದ ಆಫರ್ ಲೆಟರಿಗೆ ಸಹಿ ಬೀಳುವವರೆಗಿನ ಮೂರ್ನಾಲ್ಕು ದಿನಗಳ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತೇನೆ. ಕೆಲಸಕ್ಕೆ ಸೇರುವವನಾಗಿಯೂ ಸೇರಿಸಿಕೊಳ್ಳುವ ಟೀಮಿನವನಾಗಿಯೂ ಈ ಮಾತುಕತೆಯ ಎರಡೂ ಬದಿ ನೋಡಿದ್ದೇನೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಇದು ನಡೆಯುವ ರೀತಿ ಹೆಚ್ಚುಕಡಿಮೆ ಒಂದೇ.

ಮೊದಲು ಒಂದು ವಿಷಯ ಗೊತ್ತಿರಬೇಕು. ಫೋನಿನಲ್ಲಿ ನಿಮ್ಮ ಜೊತೆ ಮಾತಾಡುವ ರಿಕ್ರೂಟರ್‌ಗೆ ಸಾಮಾನ್ಯವಾಗಿ ಮೊತ್ತ ಏರಿಸುವ ಅಧಿಕಾರ ಇರುವುದಿಲ್ಲ. ಅವರು ನಿಮ್ಮ ಬೇಡಿಕೆಯನ್ನು ಹೈರಿಂಗ್ ಮ್ಯಾನೇಜರ್‌ಗೆ, ಆಮೇಲೆ ಸಂಬಳದ ವಿಷಯ ನೋಡಿಕೊಳ್ಳುವ ತಂಡಕ್ಕೆ ಕಳಿಸಿ ಒಪ್ಪಿಗೆ ತರಬೇಕು. ನೀವು ಫೋನಿನಲ್ಲಿ ಹತ್ತು ನಿಮಿಷ ಹೇಳಿದ್ದು ಅಲ್ಲಿಗೆ ಹೋಗುವಷ್ಟರಲ್ಲಿ "ಕ್ಯಾಂಡಿಡೇಟ್ ಇನ್ನೂ ಜಾಸ್ತಿ ಕೇಳ್ತಿದಾರೆ" ಅನ್ನುವ ಒಂದು ಸಾಲಾಗಿರುತ್ತದೆ. ಮೇಲ್ ಆದರೆ ಇದ್ದ ಹಾಗೇ ಫಾರ್ವರ್ಡ್ ಆಗುತ್ತದೆ. ಆದ್ದರಿಂದ ಬೇರೊಬ್ಬರ ಒಪ್ಪಿಗೆ ಬೇಕಾದ ಅಂಕಿ ಮೇಲ್‌ನಲ್ಲಿ ಹೋಗಬೇಕು. ಎದುರಿನವರು ಬರೆದು ಕೊಡಲು ಹಿಂಜರಿಯುವ ಮಾಹಿತಿಯನ್ನು ಫೋನಿನಲ್ಲಿ ಕೇಳಿ ತಿಳಿಯಬೇಕು. ಆ ಗ್ರೇಡಿಗೆ ಬಜೆಟ್ ಎಲ್ಲಿಯವರೆಗಿದೆ, ವೇರಿಯಬಲ್ ಪೂರ್ತಿ ಕೊಡುತ್ತಾರೋ ಇಲ್ಲವೋ, ಜಾಯಿನಿಂಗ್ ಬೋನಸ್‌ಗೆ ದಾರಿ ಇದೆಯೋ ಅನ್ನುವುದನ್ನೆಲ್ಲ ಬಾಯಲ್ಲಿ ಹೇಳುತ್ತಾರೆ, ಬರೆಯುವುದಿಲ್ಲ. ಹೇಳದಿದ್ದರೂ ಅವರು ತಡವರಿಸಿದ್ದು ಕೇಳಿಸುತ್ತದೆ.

ಮೊದಲ ಫೋನ್ ಬರುವುದೇ ಸಂಜೆ ಏಳರ ಸುಮಾರಿಗೆ, ನೀವು ಸಿಲ್ಕ್ ಬೋರ್ಡ್ ಹತ್ತಿರ ಕ್ಯಾಬಿನಲ್ಲಿ ಸಿಕ್ಕಿಕೊಂಡಿರುವಾಗ. ಆ ಸಂಭಾಷಣೆ ಹೆಚ್ಚಾಗಿ ಹೀಗಿರುತ್ತದೆ:

"ಸರ್, ಟ್ವೆಂಟಿ ಸಿಕ್ಸ್ ಅಪ್ರೂವ್ ಆಗಿದೆ. ಈಗ್ಲೇ ಓಕೆ ಅಂದ್ರೆ ಇವತ್ತೇ ಲೆಟರ್ ರಿಲೀಸ್ ಮಾಡ್ತೀನಿ."

"ತುಂಬ ಸಂತೋಷ ಮೇಡಂ. ಇಪ್ಪತ್ತಾರರಲ್ಲಿ ವೇರಿಯಬಲ್ ಎಷ್ಟು, ಪಿಎಫ್, ಗ್ರಾಚ್ಯುಟಿ ಒಳಗೇ ಸೇರಿದೆಯಾ? ಬ್ರೇಕಪ್ ಕಳ್ಸಿ, ನೋಡ್ಕೊಂಡು ನಾಳೆ ಹನ್ನೆರಡರೊಳಗೆ ಮೇಲ್ ಮಾಡ್ತೀನಿ."

ಇಷ್ಟೇ ಸಾಕು. ಇಲ್ಲಿ ಹೂಂ ಅನ್ನಬೇಡಿ, ಉಹೂಂ ಅನ್ನಬೇಡಿ, ಅಂಕಿಯನ್ನಂತೂ ಹೇಳಲೇಬೇಡಿ. ಉತ್ತರ ಕೊಡುವ ಹೊತ್ತನ್ನು ನೀವೇ ಹೇಳಿಬಿಟ್ಟರೆ ಅವಸರಪಡಿಸುವುದು ನಿಲ್ಲುತ್ತದೆ. ಪೋರ್ಟಲ್‌ನಲ್ಲಿ ಆಫರ್ ಬಂದಿದ್ದರೆ ಒಪ್ಪಿಗೆಯ ಬಟನ್ ಒತ್ತಬೇಡಿ. ಒತ್ತಿದ ಮೇಲೆ ಬದಲಾಯಿಸಬೇಕಾದರೆ ರಿಕ್ರೂಟರ್ ಹೊಸದಾಗಿ ಒಪ್ಪಿಗೆ ತರಬೇಕಾಗುತ್ತದೆ. ಅದಕ್ಕೆ ಯಾರಿಗೂ ಮನಸ್ಸಿರುವುದಿಲ್ಲ.

ಬ್ರೇಕಪ್ ಬಂದ ಮೇಲೆ ಮಾಡುವ ಲೆಕ್ಕವನ್ನು ಉದಾಹರಣೆಯೊಂದಿಗೆ ತೋರಿಸುತ್ತೇನೆ. ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ₹26,00,000 ಅಂತಿಟ್ಟುಕೊಳ್ಳಿ. ಬೇಸಿಕ್ ಅದರ ಶೇ. 40, ಅಂದರೆ ₹10,40,000. ಕಂಪನಿಯ ಪಾಲಿನ ಪಿಎಫ್ ಬೇಸಿಕ್‌ನ ಶೇ. 12, ಅದು ₹1,24,800. ಗ್ರಾಚ್ಯುಟಿಗೆ ಬೇಸಿಕ್‌ನ ಶೇ. 4.81, ಸುಮಾರು ₹50,000. ವೇರಿಯಬಲ್ ಶೇ. 10, ಅಂದರೆ ₹2,60,000. ಈ ಮೂರನ್ನೂ ಕಳೆದರೆ ಬೇಸಿಕ್, ಎಚ್‌ಆರ್‌ಎ, ಸ್ಪೆಷಲ್ ಅಲೋಯನ್ಸ್ ಸೇರಿ ₹21,65,200 ಉಳಿಯುತ್ತದೆ. ತಿಂಗಳಿಗೆ ₹1,80,400ರ ಸುಮಾರು. ಪ್ರತಿ ತಿಂಗಳು ಖಾತ್ರಿಯಾಗಿ ಬರುವ ಗ್ರಾಸ್ ಇಷ್ಟೇ. ನಿಮ್ಮ ಪಾಲಿನ ಪಿಎಫ್, ವೃತ್ತಿ ತೆರಿಗೆ, ಆದಾಯ ತೆರಿಗೆ ಇನ್ನೂ ಇದರಲ್ಲೇ ಕಡಿತವಾಗಬೇಕು.

ಈಗಿನ ಕೆಲಸದಲ್ಲಿ ತಿಂಗಳ ಗ್ರಾಸ್ ₹1,50,000, ಸಿಟಿಸಿ ₹20,15,000 ಇದ್ದರೆ ರಿಕ್ರೂಟರ್ "ಶೇ. 29 ಹೈಕ್" ಅನ್ನುತ್ತಾರೆ. ಅವರ ಲೆಕ್ಕವೇನೂ ಸುಳ್ಳಲ್ಲ. ಆದರೆ ಗ್ರಾಸ್‌ಗೆ ಗ್ರಾಸ್ ಹೋಲಿಸಿದರೆ ಏರಿಕೆ ಶೇ. 20 ಮಾತ್ರ. ಹಳೇ ಕಂಪನಿ ಪಿಎಫ್ ಅನ್ನು ₹15,000 ಮಿತಿಯ ಮೇಲೆ, ತಿಂಗಳಿಗೆ ₹1,800ರಂತೆ ಕಟ್ಟುತ್ತಿದ್ದು, ಹೊಸದು ಪೂರ್ತಿ ಬೇಸಿಕ್ ಮೇಲೆ ಕಟ್ಟಿದರೆ ನಿಮ್ಮ ಪಾಲು ಕೂಡ ₹1,800ರಿಂದ ₹10,400ಕ್ಕೆ ಏರುತ್ತದೆ. ಹಣ ಎಲ್ಲೂ ಹೋಗುವುದಿಲ್ಲ, ಪಿಎಫ್ ಖಾತೆಯಲ್ಲೇ ಇರುತ್ತದೆ. ಆದರೆ ಮನೆ ಸಾಲದ ಕಂತು ಕಟ್ಟುವವರಿಗೆ ಕೈಗೆ ಬರುವ ದುಡ್ಡಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಪಿಎಫ್ ಎಷ್ಟರ ಮೇಲೆ, ಅದರಲ್ಲಿ ಆಯ್ಕೆ ಇದೆಯೇ ಅನ್ನುವುದನ್ನು ಫೋನಿನಲ್ಲೇ ಕೇಳಿ. ಅದು ಪ್ರಶ್ನೆ, ಬೇಡಿಕೆಯಲ್ಲ.

ಇನ್ನು ಮೇಲ್. ಬೆಂಗಳೂರಿನಲ್ಲಿ ಇದು ಇಂಗ್ಲಿಷಿನಲ್ಲೇ ಹೋಗುತ್ತದೆ. ಒಕ್ಕಣೆಯನ್ನು ಕನ್ನಡದಲ್ಲಿ ಕೊಡುತ್ತೇನೆ:

> ಆಫರ್‌ಗೆ ಧನ್ಯವಾದ. ಈ ಕೆಲಸಕ್ಕೆ ಸೇರಲು ನನಗೆ ಇಷ್ಟವಿದೆ. ಬ್ರೇಕಪ್ ನೋಡಿದೆ. ವೇರಿಯಬಲ್, ಕಂಪನಿಯ ಪಿಎಫ್, ಗ್ರಾಚ್ಯುಟಿ ಬಿಟ್ಟು ಫಿಕ್ಸೆಡ್ ಮೊತ್ತ ವರ್ಷಕ್ಕೆ ₹21,65,200 ಆಗುತ್ತದೆ. ಇದನ್ನು ₹23,75,000ಕ್ಕೆ ಏರಿಸಲು ಕೋರುತ್ತೇನೆ. ನಿಮ್ಮ ಈಗಿನ ವಿಂಗಡಣೆಯಲ್ಲೇ ಲೆಕ್ಕ ಹಾಕಿದರೆ ಸಿಟಿಸಿ ಸುಮಾರು ₹28.5 ಲಕ್ಷವಾಗುತ್ತದೆ. ಇಂಟರ್‌ವ್ಯೂನಲ್ಲಿ ಹೇಳಿದಂತೆ ಪೇಮೆಂಟ್ಸ್ ಸರ್ವಿಸ್‌ನ ಆನ್‌ಕಾಲ್ ಜವಾಬ್ದಾರಿಯೂ ಈ ಹುದ್ದೆಗೆ ಸೇರಿದೆ; ನನ್ನ ಕೋರಿಕೆಗೆ ಅದೇ ಕಾರಣ. ಈ ಮೊತ್ತಕ್ಕೆ ಪರಿಷ್ಕೃತ ಲೆಟರ್ ಬಂದರೆ ಅದೇ ದಿನ ಸಹಿ ಮಾಡಿ ನೋಟಿಸ್ ಕೊಡುತ್ತೇನೆ.

ಇದರಲ್ಲಿ ಅತಿ ಹೆಚ್ಚು ಕೆಲಸ ಮಾಡುವುದು ಕೊನೆಯ ಸಾಲು. ಒಪ್ಪಿಗೆ ತಂದುಕೊಟ್ಟ ಮೇಲೂ ಕ್ಯಾಂಡಿಡೇಟ್ ಬರದೇ ಹೋದರೆ ಎಂಬ ಭಯ ಇಲ್ಲಿನ ರಿಕ್ರೂಟರ್‌ಗಳಿಗೆ ಯಾವಾಗಲೂ ಇರುತ್ತದೆ. 90 ದಿನದ ನೋಟಿಸ್ ಪೀರಿಯಡ್‌ನಲ್ಲಿ ಏನು ಬೇಕಾದರೂ ಆಗಬಹುದು. "ಇಷ್ಟು ಕೊಟ್ಟರೆ ಖಂಡಿತ ಬರುತ್ತೇನೆ" ಅಂತ ಬರೆದುಕೊಟ್ಟರೆ ಅವರು ಮೇಲಿನವರ ಹತ್ತಿರ ಧೈರ್ಯವಾಗಿ ಕೇಳಬಹುದು. ಹಾಗೆ ಬರೆಯುವ ಮನಸ್ಸಿಲ್ಲದಿದ್ದರೆ ಆ ಅಂಕಿಯನ್ನೇ ಕೇಳಬೇಡಿ.

ಕಾರಣ ಒಂದೇ ಇರಲಿ, ಅದು ಹುದ್ದೆಗೆ ಸಂಬಂಧಿಸಿದ್ದಾಗಿರಲಿ. ಬೆಳ್ಳಂದೂರಿನ ಬಾಡಿಗೆ, ಮಗುವಿನ ಸ್ಕೂಲ್ ಫೀಸು ಎಲ್ಲ ನಿಜವೇ. ಆದರೆ ಒಪ್ಪಿಗೆಯ ಟಿಪ್ಪಣಿಯಲ್ಲಿ ಅದನ್ನು ಬರೆಯಲು ರಿಕ್ರೂಟರ್‌ಗೆ ಆಗುವುದಿಲ್ಲ.

ಅಂಕಿ ಬರೆಯುವ ವಿಷಯಕ್ಕೆ ಬಂದರೆ, ಮೇಲ್‌ನಲ್ಲಿ ಒಂದೇ ಮೊತ್ತ ಬರೆಯಿರಿ. "22ರಿಂದ 24" ಅಂತ ಬರೆದರೆ ಓದುವವರ ಕಣ್ಣಿಗೆ ಬೀಳುವುದು 22 ಮಾತ್ರ. "ಕನಿಷ್ಠ ಇಷ್ಟು" ಅಂದರೂ ಅದೇ ಗತಿ. ಮೊತ್ತದ ಪಕ್ಕದಲ್ಲಿ "ನೆಗೋಷಿಯಬಲ್" ಅಂತ ಸೇರಿಸುವುದು ಅಂಗಡಿಯವನೇ ಬೆಲೆ ಹೇಳಿ ಜೊತೆಗೇ ಅರ್ಧ ಇಳಿಸಿಕೊಟ್ಟಂತೆ. ಚೌಕಾಸಿ ಇದ್ದದ್ದೇ, ಅದನ್ನು ನಾವೇ ಸಾರಬೇಕಾಗಿಲ್ಲ. ಶೇಕಡಾವಾರು ಲೆಕ್ಕವನ್ನೂ ಬಿಡಿ. "ಶೇ. 40 ಹೈಕ್ ಬೇಕು" ಅಂದ ಕೂಡಲೇ ಮಾತು ನಿಮ್ಮ ಹಳೇ ಸಂಬಳದ ಕಡೆಗೆ ತಿರುಗುತ್ತದೆ, ಹೊಸ ಹುದ್ದೆಯ ಬೆಲೆ ಹಿಂದೆ ಬೀಳುತ್ತದೆ. ಫಿಕ್ಸೆಡ್ ಜೊತೆ ಸಿಟಿಸಿಯನ್ನೂ ಬರೆದದ್ದು ಬೇಕೆಂದೇ. ಅವರ ಎಕ್ಸೆಲ್ ಶೀಟು ನಡೆಯುವುದು ಸಿಟಿಸಿಯ ಮೇಲೆ. ಆ ಲೆಕ್ಕ ಅವರಿಗೇ ಬಿಟ್ಟರೆ ₹23.75 ಲಕ್ಷವನ್ನೇ ಸಿಟಿಸಿ ಅಂತ ತಿಳಿದು, "ಆಗಲೇ ಅದಕ್ಕಿಂತ ಜಾಸ್ತಿ ಕೊಟ್ಟಿದೀವಲ್ಲ" ಅನ್ನುವ ಫೋನ್ ಬರುತ್ತದೆ.

ಒಪ್ಪಿಗೆ ಕೊಡುವವರು ಹೊರದೇಶದಲ್ಲಿದ್ದರೆ ಅಲ್ಪವಿರಾಮಗಳೂ ತೊಂದರೆ ಕೊಡುತ್ತವೆ. ಲಕ್ಷದ ಲೆಕ್ಕ ಗೊತ್ತಿಲ್ಲದವರಿಗೆ 23,75,000 ಬೆರಳಚ್ಚಿನ ತಪ್ಪಿನಂತೆ ಕಾಣುತ್ತದೆ. ಅಂಥ ಮೇಲ್‌ನಲ್ಲಿ ಒಂದು ಸಾಲು ಹೀಗಿರಲಿ:

```
Fixed pay: INR 23.75 lakh = INR 2.375 million per annum, before tax
```

ಈಗಿನ ಸಂಬಳ ಹೇಳುವುದಾದರೆ ಇದ್ದದ್ದನ್ನೇ ಹೇಳಿ. ಸೇರುವ ಮುಂಚೆ ಮೂರು ತಿಂಗಳ ಪೇಸ್ಲಿಪ್ ಕೇಳುವುದು ಇಲ್ಲಿ ಮಾಮೂಲು. ಬಾಯಲ್ಲಿ ಉಬ್ಬಿಸಿ ಹೇಳಿದ್ದು ಅಲ್ಲಿ ಸಿಕ್ಕಿಬೀಳುತ್ತದೆ. ಕೈಯಲ್ಲಿ ಇನ್ನೊಂದು ಆಫರ್ ಇದ್ದರೆ ಅದನ್ನು ಮೊದಲು ಫೋನಿನಲ್ಲಿ ಹೇಳುವುದು ವಾಸಿ. ಮೇಲ್‌ನಲ್ಲಿ ಅದು ಬೆದರಿಕೆಯಂತೆ ಓದಿಸಿಕೊಳ್ಳುತ್ತದೆ. ಪ್ರತಿ ಕಳಿಸಿ ಅಂದರೆ ಕಂಪನಿಯ ಹೆಸರು ಮುಚ್ಚಿ, ಮೊತ್ತದ ಪುಟ ಮಾತ್ರ ಕಳಿಸಬಹುದು. ಆ ಲೆಟರ್‌ನಲ್ಲಿ ಗೋಪ್ಯತೆಯ ಷರತ್ತು ಇದ್ದರೆ ಅದೂ ಬೇಡ.

ಮೇಲ್ ಹೋದ ಮರುದಿನ ಉತ್ತರ ಬರುವುದು ಬಹುತೇಕ ಫೋನಿನಲ್ಲೇ: "ಸರ್, ಇಪ್ಪತ್ತೇಳು ನಮ್ಮ ಮ್ಯಾಕ್ಸ್. ಈ ಗ್ರೇಡಿಗೆ ಅದಕ್ಕಿಂತ ಮೇಲೆ ಆಗಲ್ಲ." ಈ ಫೋನನ್ನು ತಪ್ಪಿಸಿಕೊಳ್ಳಬಾರದು. ಸಿಟಿಸಿಗೆ ಮಿತಿ ಇದೆ ಅನ್ನುವುದು ಗೊತ್ತಾಗುವುದೇ ಇಲ್ಲಿ. ಮಿತಿ ನಿಜವಿದ್ದರೆ ಮೊತ್ತಕ್ಕಾಗಿ ಗುದ್ದಾಡಿ ಉಪಯೋಗವಿಲ್ಲ, ಒಳಗಿನ ಹಂಚಿಕೆ ಬದಲಾಯಿಸಿಕೊಳ್ಳಬೇಕು. ₹27 ಲಕ್ಷದಲ್ಲಿ ಅದೇ ವಿಂಗಡಣೆ ಇಟ್ಟರೆ ಫಿಕ್ಸೆಡ್ ಸುಮಾರು ₹22.48 ಲಕ್ಷ. ವೇರಿಯಬಲ್ ಅನ್ನು ಶೇ. 10ರಿಂದ ಶೇ. 5ಕ್ಕೆ ಇಳಿಸಿ, ಉಳಿದ ₹1.35 ಲಕ್ಷವನ್ನು ಸ್ಪೆಷಲ್ ಅಲೋಯನ್ಸ್‌ಗೆ ಸೇರಿಸಿದರೆ ಫಿಕ್ಸೆಡ್ ₹23.83 ಲಕ್ಷ. ನೀವು ಕೇಳಿದ್ದಕ್ಕಿಂತ ತುಸು ಜಾಸ್ತಿಯೇ, ಅವರ ಸಿಟಿಸಿ ಮಿತಿಯೂ ಮೀರಲಿಲ್ಲ. ಸ್ಪೆಷಲ್ ಅಲೋಯನ್ಸ್‌ಗೇ ಯಾಕೆಂದರೆ, ಬೇಸಿಕ್ ಏರಿದರೆ ಅದರ ಜೊತೆಗೆ ಪಿಎಫ್, ಗ್ರಾಚ್ಯುಟಿಯೂ ಏರಿ ಫಿಕ್ಸೆಡ್ ಅನ್ನು ಮತ್ತೆ ತಿನ್ನುತ್ತವೆ.

ಎಲ್ಲ ಕಡೆ ಇದು ನಡೆಯುವುದಿಲ್ಲ. ದೊಡ್ಡ ಕಂಪನಿಗಳಲ್ಲಿ ವೇರಿಯಬಲ್ ಗ್ರೇಡಿಗೆ ಕಟ್ಟಿಹಾಕಿರುತ್ತಾರೆ. ಹಾಗಿದ್ದರೆ ಉಳಿಯುವುದು ಜಾಯಿನಿಂಗ್ ಬೋನಸ್ ಅಥವಾ ನೋಟಿಸ್ ಬೈಔಟ್, ಅಂದರೆ ನೋಟಿಸ್ ಪೂರೈಸದೆ ಬೇಗ ಬರಲು ಹಳೇ ಕಂಪನಿಗೆ ಕಟ್ಟಬೇಕಾದ ಹಣವನ್ನು ಹೊಸ ಕಂಪನಿಯೇ ಕೊಡುವುದು. ಇವು ಒಂದೇ ಸಲದ ಖರ್ಚಾದ್ದರಿಂದ ಒಪ್ಪಿಗೆ ಸುಲಭವಾಗಿ ಸಿಗುತ್ತದೆ. ನಿಮಗೆ ಮಾತ್ರ ಮುಂದಿನ ವರ್ಷ ಅದು ಇರುವುದಿಲ್ಲ, ಮುಂದಿನ ಹೈಕ್ ಕೂಡ ಅದರ ಮೇಲೆ ಲೆಕ್ಕವಾಗುವುದಿಲ್ಲ.

ಫೋನಿನಲ್ಲಿ ಒಪ್ಪಿದ್ದನ್ನು ಅವತ್ತೇ, ಸಾಧ್ಯವಾದರೆ ಗಂಟೆಯೊಳಗೇ, ಮೇಲ್‌ಗೆ ಇಳಿಸಿ. ಹಳೇ ಮೇಲ್‌ಗೇ ರಿಪ್ಲೈ ಮಾಡಿ, ಸಿಟಿಸಿ ₹27,00,000, ವೇರಿಯಬಲ್ ₹1,35,000, ಫಿಕ್ಸೆಡ್ ಸುಮಾರು ₹23.83 ಲಕ್ಷ ಅಂತ ಮೂರು ಸಾಲು ಬರೆದು, "ಹೀಗೆ ಮಾತಾಡಿದೆವು, ತಪ್ಪಿದ್ದರೆ ತಿಳಿಸಿ" ಅನ್ನಿ. ಉತ್ತರ ಬಾರದಿದ್ದರೆ ಒಪ್ಪಿದಂತೆ ಅಂದುಕೊಳ್ಳಬೇಡಿ. ರಿಕ್ರೂಟರ್ ರಜೆ ಹಾಕಿ ಇನ್ನೊಬ್ಬರು ಬಂದರೆ ಅವರಿಗೆ ಕಾಣುವುದು ಈ ಮೇಲ್ ಸರಣಿ ಮಾತ್ರ. ಎರಡು ಸಲ ಮೇಲ್ ಓಡಾಡಿದ ಮೇಲೂ ಒಮ್ಮತ ಬಾರದಿದ್ದರೆ ಮೂರನೆಯದನ್ನು ಬರೆಯುವ ಬದಲು ನೀವೇ ಫೋನ್ ಮಾಡಿ. ಅಷ್ಟರಲ್ಲಿ ಎಲ್ಲೋ ತಪ್ಪು ತಿಳಿವಳಿಕೆ ಸೇರಿಕೊಂಡಿರುತ್ತದೆ.

ಪರಿಷ್ಕೃತ ಲೆಟರ್ ಬಂದಾಗ ಮೊದಲ ಪುಟದ ಮೊತ್ತ ನೋಡಿ ಸುಮ್ಮನಾಗದೆ, ಹಿಂದಿನ ಅನೆಕ್ಷರ್ ತೆಗೆದು ಫಿಕ್ಸೆಡ್ ಸಾಲುಗಳನ್ನು ಕೂಡಿಸಿ ನೋಡಿ. ಸಿಟಿಸಿ ಏರಿಸಿ, ವೇರಿಯಬಲ್ ಹಳೇ ಶೇ. 10ರಲ್ಲೇ ಬಿಟ್ಟಿರುವುದು ಸಾಮಾನ್ಯ ತಪ್ಪು. ಹಳೇ ಟೆಂಪ್ಲೇಟಿನಲ್ಲಿ ಒಂದೇ ಅಂಕಿ ಬದಲಾಯಿಸಿದರೆ ಹೀಗಾಗುತ್ತದೆ. ಜಾಯಿನಿಂಗ್ ಬೋನಸ್ ಇದ್ದರೆ ವಾಪಸಾತಿಯ ಷರತ್ತು ಓದಿ. ಎಷ್ಟು ತಿಂಗಳೊಳಗೆ ಬಿಟ್ಟರೆ ಹಿಂದಿರುಗಿಸಬೇಕು, ಪೂರ್ತಿಯೋ ಉಳಿದ ತಿಂಗಳಿಗೆ ತಕ್ಕಷ್ಟೋ, ಮತ್ತು ತೆರಿಗೆ ಕಳೆದು ನಿಮ್ಮ ಕೈಗೆ ಬಂದ ಮೊತ್ತವೋ ಅಥವಾ ಲೆಟರ್‌ನಲ್ಲಿ ಬರೆದ ಪೂರ್ತಿ ಮೊತ್ತವೋ. ಈ ಮೂರನ್ನೂ ಮೇಲ್‌ನಲ್ಲೇ ಕೇಳಿ, ಮೇಲ್‌ನಲ್ಲೇ ಉತ್ತರ ತರಿಸಿಕೊಳ್ಳಿ. ಆ ಲೆಟರ್ ಕೈಸೇರುವವರೆಗೆ ಈಗಿನ ಕಂಪನಿಯಲ್ಲಿ ರಾಜೀನಾಮೆಯ ಮೇಲ್ ಡ್ರಾಫ್ಟ್‌ನಲ್ಲೇ ಇರಲಿ.